ಹತ್ತು ವರ್ಷದ ಮಗನ ಕತ್ತಿನ ಟಿಕ್: ಹ್ಯಾಬಿಟ್ ರಿವರ್ಸಲ್ ಮಾಡಿಸಿದವರು ತಿಳಿಸಿ

ಬಾಗಲಕೋಟೆಯ ತಾಯಿ: ಮಗ ಎರಡು ವರ್ಷದ ಹಿಂದೆ ಕಣ್ಣು ಪಿಳುಕಿಸುತ್ತಿದ್ದ. ಈಗ ಕತ್ತನ್ನು ಬಲಕ್ಕೆ ಥಟ್ಟನೆ ಎಳೆಯುತ್ತಾನೆ, ಆಗಾಗ ಗಂಟಲು ಕೆರೆಯುತ್ತಾನೆ. ವೈದ್ಯರು ಟಿಕ್ ಎಂದರು, ಹ್ಯಾಬಿಟ್ ರಿವರ್ಸಲ್ ತರಬೇತಿ ಕೊಡಿಸಿ ಎಂದರು. ಅದರಲ್ಲಿ ಏನು ಮಾಡಿಸುತ್ತಾರೆ? ತಡೆದರೆ ಒಳಗೇ ಕಟ್ಟಿಕೊಂಡು ಆಮೇಲೆ ಹೆಚ್ಚಾಗುವುದಿಲ್ಲವೇ?

ಜಮಖಂಡಿಯ ಗೃಹಿಣಿ: ನನ್ನ ಮಗಳಿಗೆ ಉಗುರು ಕಚ್ಚುವ ಚಟವಿತ್ತು ತಂಗಿ. ಬೆರಳಿಗೆ ಬೇವಿನ ರಸ ಹಚ್ಚಿದೆವು, ಬಿಟ್ಟಳು. ಕತ್ತಿಗೂ ಹಾಗೆಯೇ, ಮಾಡಿದಾಗಲೆಲ್ಲ ನೆನಪಿಸುತ್ತಿರಿ.

ವಿಜಯಪುರದ ತಂದೆ: ನೆನಪಿಸಲೇಬೇಡಿ. ನಮ್ಮ ಹುಡುಗ ಭುಜ ಹಾರಿಸುತ್ತಿದ್ದ. ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ, ಕೆಲವು ತಿಂಗಳಲ್ಲಿ ತಾನಾಗಿ ಹೋಯಿತು. ತರಬೇತಿ ಎಂದು ಅದರ ಮೇಲೇ ಗಮನ ಇಟ್ಟರೆ ಬೆಳೆಯುತ್ತದೆ.

ಬೆಳಗಾವಿಯ ಮನಃಶಾಸ್ತ್ರಜ್ಞೆ: ಅಣ್ಣ ಹೇಳಿದ್ದರಲ್ಲಿ ಅರ್ಧ ಸರಿ. ಬೈಯುವುದು, "ನಿಲ್ಲಿಸು" ಎನ್ನುವುದು ಟಿಕ್ಕನ್ನು ಹೆಚ್ಚಿಸುತ್ತದೆ. ಒಂದು ವರ್ಷದೊಳಗೆ ಮಾಯವಾಗುವ ಟಿಕ್ಕುಗಳೂ ಬಹಳ. ಆದರೆ ಈ ಮಗುವಿನದು ಎರಡು ವರ್ಷದಿಂದ ರೂಪ ಬದಲಿಸುತ್ತ ಇದೆ, ಗಂಟಲಿನದೂ ಸೇರಿದೆ. ಹತ್ತು ಹನ್ನೆರಡರ ವಯಸ್ಸಿನಲ್ಲಿ ಇದು ಸಾಮಾನ್ಯವಾಗಿ ಜೋರಾಗಿರುತ್ತದೆ, ಹದಿಹರೆಯ ಮುಗಿಯುವ ಹೊತ್ತಿಗೆ ಅನೇಕರಲ್ಲಿ ತಗ್ಗುತ್ತದೆ. ಅಲ್ಲಿಯವರೆಗೆ ಕತ್ತು ನೋಯುತ್ತಿದ್ದರೆ, ಶಾಲೆಯಲ್ಲಿ ಅಣಕಿಸುತ್ತಿದ್ದರೆ, ತರಬೇತಿ ಕೊಡಿಸುವುದೇ ಮೇಲು.

ಒಂದೇ ಟಿಕ್ ಆರಿಸಿಕೊಳ್ಳುತ್ತೇವೆ. ಹೆಚ್ಚು ಕಾಡುವುದು ಯಾವುದು ಎಂದು ಮಗುವನ್ನೇ ಕೇಳುತ್ತೇವೆ. ಕತ್ತಿನದು ಎಂದ ಎನ್ನಿ. ಮೊದಲು ತಡೆಯುವ ಮಾತೇ ಇಲ್ಲ, ಗುರುತಿಸುವುದಷ್ಟೇ ಕೆಲಸ. ನನ್ನ ಎದುರು ಕುಳಿತು ಮಾತಾಡುತ್ತ, ಕತ್ತು ಎಳೆದಾಗಲೆಲ್ಲ ಬೆರಳೆತ್ತುತ್ತಾನೆ. ನಂತರ ಎಳೆಯುವುದಕ್ಕೆ ಮುಂಚೆ ಏನಾಗುತ್ತದೆ ಎಂದು ಹುಡುಕುತ್ತೇವೆ. "ಕಿವಿಯ ಕೆಳಗೆ ಬಿಗಿದಂತಾಗುತ್ತದೆ" ಎನ್ನುವ ಮಕ್ಕಳುಂಟು. ಸೀನು ಬರುವ ಮುಂಚಿನ ಕೆರಳಿಕೆಯಂತೆ, ಟಿಕ್ ಆದೊಡನೆ ಅದು ಇಳಿಯುತ್ತದೆ.

ಆ ಬಿಗಿತ ಬಂದ ತಕ್ಷಣ, ಟಿಕ್ ಜೊತೆಗೆ ಆಗಲಾರದ ಇನ್ನೊಂದು ಕೆಲಸ ಮಾಡಿಸುತ್ತೇವೆ: ಗದ್ದವನ್ನು ಸ್ವಲ್ಪ ಎದೆಯ ಕಡೆ ಇಳಿಸಿ, ಕತ್ತಿನ ಸ್ನಾಯುಗಳನ್ನು ಮೆಲ್ಲಗೆ ಬಿಗಿಹಿಡಿಯುವುದು. ಒಂದು ನಿಮಿಷ, ಬಿಗಿತ ಇನ್ನೂ ಇದ್ದರೆ ಅದು ಇಳಿಯುವವರೆಗೆ. ಟಿಕ್ ಆಗಿಯೇ ಹೋದರೂ ಆ ಕ್ಷಣದಿಂದಲೇ ಹಿಡಿಯಬೇಕು. ಬೆಂಚಿನಲ್ಲಿ ಪಕ್ಕದವನಿಗೆ ತಿಳಿಯುವಂತಿದ್ದರೆ, ಇಲ್ಲವೇ ಹಿಡಿದಾಗ ಕತ್ತು ನೋಯುತ್ತಿದ್ದರೆ ಭಂಗಿ ಸರಿಯಾಗಿಲ್ಲ, ಬದಲಿಸಬೇಕು. ಗಂಟಲಿಗೆ ಬೇರೆ ಉಪಾಯ, ಮೂಗಿನಿಂದ ಎಳೆದು ಬಾಯಿಯಿಂದ ಬಿಡುವ ನಿಧಾನ ಉಸಿರು.

ನಿಮ್ಮ ಭಯದ ಬಗ್ಗೆ: ತಡೆದ ಮೇಲೆ ಮೊದಲಿಗಿಂತ ಹೆಚ್ಚಾಗುತ್ತದೆಯೇ ಎಂದು ಮಕ್ಕಳಲ್ಲಿ ಎಣಿಸಿಯೇ ನೋಡಿದ್ದಾರೆ, ಹಾಗೆ ಕಂಡುಬಂದಿಲ್ಲ. ಅಲ್ಲದೆ ಇದು ಹಲ್ಲು ಕಚ್ಚಿ ತಡೆಯುವುದಲ್ಲ. ಟಿಕ್ ಮಾಡದೆಯೂ ಬಿಗಿತ ಇಳಿಯುತ್ತದೆ ಎಂದು ಮೈಗೆ ಕಲಿಸುವುದು. ಆದರೆ ಎಲ್ಲರಿಗೂ ಒಗ್ಗುವುದಿಲ್ಲ. 2010ರಲ್ಲಿ ಅಮೆರಿಕದಲ್ಲಿ 126 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ, ತರಬೇತಿ ಪಡೆದವರಲ್ಲಿ ಹತ್ತು ವಾರಗಳಲ್ಲಿ ಚೆನ್ನಾಗಿ ಸುಧಾರಿಸಿದವರು ಅರ್ಧಕ್ಕಿಂತ ತುಸು ಹೆಚ್ಚು.

ಬಾಗಲಕೋಟೆಯ ತಾಯಿ: ಧನ್ಯವಾದ ಮೇಡಂ. ಅವನು ಶಾಲೆಯಿಂದ ಬಂದು ಹೋಂವರ್ಕ್‌ಗೆ ಕುಳಿತಾಗಲೇ ಹೆಚ್ಚು. ಆಗ ನಮ್ಮ ಅತ್ತೆ "ಸಾಕು ಬಿಡು ಕಂದಾ" ಎಂದು ಪುಸ್ತಕ ಎತ್ತಿಟ್ಟು ಕತ್ತು ನೀವುತ್ತಾರೆ.

ಬೆಳಗಾವಿಯ ಮನಃಶಾಸ್ತ್ರಜ್ಞೆ: ಅದನ್ನು ಬದಲಿಸುವುದೇ ತರಬೇತಿಯ ಇನ್ನೊಂದು ಅರ್ಧ. ಅವನು ನಟಿಸುತ್ತಿಲ್ಲ, ಆದರೆ ಟಿಕ್ ಬಂದಾಗ ಹೋಂವರ್ಕ್ ತಪ್ಪುತ್ತದೆ ಎಂಬುದನ್ನು ಮೈ ಕಲಿತುಬಿಡುತ್ತದೆ. ಅಜ್ಜಿ ನೀವಲಿ, ಟಿಕ್ ಇರಲಿ ಇಲ್ಲದಿರಲಿ, ಮಲಗುವ ಮುಂಚೆ. ಹೋಂವರ್ಕ್ ನಡುವೆ ಗಡಿಯಾರ ನೋಡಿ ಬಿಡುವು ಕೊಡಿ, ಟಿಕ್ ನೋಡಿ ಅಲ್ಲ. ಅಭ್ಯಾಸಕ್ಕೆ ದಿನವೂ ಸ್ವಲ್ಪ ಹೊತ್ತು ಗೊತ್ತುಮಾಡಿ. ಆಗ ಮಾತ್ರ, ಅವನು ಭಂಗಿ ಹಿಡಿದಾಗ "ಚೆನ್ನಾಗಿ ಹಿಡಿದೆ" ಎನ್ನಿ. ಮರೆತರೆ ಮೆಲ್ಲಗೆ ಒಮ್ಮೆ ನೆನಪಿಸಿ. ಉಳಿದ ಹೊತ್ತು ಆ ಮಾತು ಬೇಡ.

ಗೋಕಾಕದ ತಾಯಿ: ನನ್ನ ಮಗಳ ಅನುಭವ ಅರ್ಧಂಬರ್ಧ. ಗಂಟಲಿನ ಸದ್ದು ಉಸಿರಾಟದಿಂದ ಬಹಳ ಇಳಿಯಿತು. ಕಣ್ಣಿನದು ಇಳಿಯಲಿಲ್ಲ, ಅದಕ್ಕೆ ಮುಂಚೆ ಏನೂ ಅನಿಸುವುದಿಲ್ಲ ಎನ್ನುತ್ತಾಳೆ. ಓದಿನ ಮೇಲೆ ಗಮನ ನಿಲ್ಲದ ತೊಂದರೆಯೂ ಇತ್ತು. ವೈದ್ಯರು ಕ್ಲೋನಿಡಿನ್ ಕೊಟ್ಟರು, ಮೊದಲು ನಿದ್ದೆಗಣ್ಣಾಗಿದ್ದಳು. ಈಗ ಮಾತ್ರೆಯೂ ಇದೆ, ಅಭ್ಯಾಸವೂ ಇದೆ. ಯಾವುದರಿಂದ ಎಷ್ಟು ಗುಣ ಎಂದು ನನಗೆ ಹೇಳಲಾಗದು.

ವಿಜಯಪುರದ ತಂದೆ: ಏಳು ವರ್ಷದವರಿಗೂ ಇದನ್ನು ಮಾಡಿಸುತ್ತಾರೆಯೇ? ಸಣ್ಣವನು ಈಗ ಕಣ್ಣು ಪಿಳುಕಿಸಲು ಶುರುಮಾಡಿದ್ದಾನೆ.

ಬೆಳಗಾವಿಯ ಮನಃಶಾಸ್ತ್ರಜ್ಞೆ: ಮೊದಲು ಕಣ್ಣಿನ ವೈದ್ಯರಿಗೆ ತೋರಿಸಿ, ಅಲರ್ಜಿಯೂ ಇರಬಹುದು. ಈಗಷ್ಟೇ ಶುರುವಾಗಿದ್ದರೆ ಕಾಯಬಹುದು, ಅಷ್ಟು ಚಿಕ್ಕವರಿಗೆ ಆ ಬಿಗಿತ ಗುರುತಿಸುವುದೇ ಕಷ್ಟ. ಆದರೆ ಪಿಳುಕಿಸುವಾಗ ಕರೆದರೆ ಓಗೊಡದಿದ್ದರೆ, ಅಥವಾ ಮುಂದೆ ಕೈಕಾಲು ತಡೆಯಿಲ್ಲದೆ ಹೊರಳಾಡಿ ಲೋಟ ಜಾರಿಬೀಳುವಂತಾದರೆ, ತಡಮಾಡದೆ ಮಕ್ಕಳ ವೈದ್ಯರ ಬಳಿ ಹೋಗಿ. ಅದು ಟಿಕ್ ಅಲ್ಲದಿರಬಹುದು. ಬಾಗಲಕೋಟೆಯ ಅಕ್ಕನಿಗೆ ಹತ್ತಿರದಲ್ಲಿ ತರಬೇತಿ ಕೊಡುವವರು ಸಿಗದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ವಿಚಾರಿಸಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲೇ ದಾರಿ ಹೇಳುತ್ತಾರೆ.