ಪೋಸ್ಟರ್ ಮುಂದೆ ಮೂರು ನಿಮಿಷ ಮಾತಾಡಿದವರಿಗೆ ಏನಂತ ಮೇಲ್ ಬರೆಯೋದು?

ಬೋರ್‌ವೆಲ್ ಹುಡುಗಿ: ಅಂತರ್ಜಲ ಸಮ್ಮೇಳನದಲ್ಲಿ ಹಿರಿಯ ವಿಜ್ಞಾನಿಯೊಬ್ಬರು ನನ್ನ ಪೋಸ್ಟರ್ ಹತ್ರ ನಿಂತು, ಪಾವಗಡದ ಬಾವಿಗಳಲ್ಲಿ ಮಳೆಗಾಲ ಮುಗಿದ ಮೇಲೂ ಫ್ಲೋರೈಡ್ ಯಾಕೆ ಇಳಿದಿಲ್ಲ, ಕ್ಯಾಲ್ಸಿಯಂ ನೋಡಿದ್ರಾ ಅಂತ ಕೇಳಿದ್ರು. ಕಾರ್ಡ್ ಕೊಟ್ಟು ಹೋದ್ರು. ಈಗ ಏನು ಬರೀಲಿ?

ಕಲ್ಲುಬಂಡೆ: ನಿಮ್ಮ ಹೆಸರು ಅವರಿಗೆ ನೆನಪಿರಲ್ಲ, ತಾವೇ ಕೇಳಿದ ಪ್ರಶ್ನೆ ನೆನಪಿರತ್ತೆ. ಸಬ್ಜೆಕ್ಟ್ ಸಾಲಲ್ಲೇ ಅದನ್ನಿಡಿ: ‘ಪಾವಗಡ ಫ್ಲೋರೈಡ್, ಕ್ಯಾಲ್ಸಿಯಂ ಪ್ರಶ್ನೆ’. ‘ಭೇಟಿಯಾಗಿ ಸಂತೋಷ’ ಅಂತ ಹಾಕಿದ್ರೆ ಫೋನಲ್ಲಿ ಅದಷ್ಟೇ ಕಾಣೋದು, ತೆರೆಯೋಕೆ ಕಾರಣವೇ ಇರಲ್ಲ. ಒಳಗೆ ಇಷ್ಟು ಸಾಕು:

‘ಸರ್, ಶುಕ್ರವಾರ ಪೋಸ್ಟರ್ ಬಳಿ ಕ್ಯಾಲ್ಸಿಯಂ ನೋಡಿದಿರಾ ಎಂದು ಕೇಳಿದ್ದಿರಿ. ಊರಿಗೆ ಬಂದು ನೋಡಿದೆ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಬಾವಿಗಳಲ್ಲೇ ಕ್ಯಾಲ್ಸಿಯಂ ಕಡಿಮೆ, ಬೈಕಾರ್ಬನೇಟ್ ಜಾಸ್ತಿ ಇದೆ. ಎರಡನ್ನೂ ಹೋಲಿಸಿದ ಒಂದು ಗ್ರಾಫ್ ಕಳಿಸಲೇ?’

‘ಕಳಿಸಿ’ ಅಂದ್ರೆ ಅವರ ಕೆಲಸ ಮುಗೀತು. ಅರ್ಧ ಗಂಟೆ ಫೋನಲ್ಲಿ ಮಾತಾಡಿ ಅಂದ್ರೆ ಅವರು ಡೈರಿ ನೋಡಬೇಕು, ನಾಳೆ ನೋಡೋಣ ಅಂತಾರೆ, ಆ ನಾಳೆ ಬರಲ್ಲ.

ಬಿಸಿಲುಕುದುರೆ: ಅದೇ ರಾತ್ರಿ ಕಳಿಸಬೇಕು ರೀ! ಜೊತೆಗೆ ಪೋಸ್ಟರ್ ಪಿಡಿಎಫ್ ಹಾಕಿ, ಕೇಳೋದೇನು?

ಕಲ್ಲುಬಂಡೆ: ಬೇಗ ಕಳಿಸಬೇಕು ಅನ್ನೋದು ಸರಿ. ಆದ್ರೆ ಆ ರಾತ್ರಿ ಅವರು ರೈಲಲ್ಲಿರ್ತಾರೆ. ದೊಡ್ಡ ಪೋಸ್ಟರ್ ಪಿಡಿಎಫ್ 25 ಎಂಬಿ ದಾಟಿದ್ರೆ ಜಿಮೇಲ್ ಅದನ್ನ ಲಗತ್ತಿಸಿ ಕಳಿಸೋಕೇ ಬಿಡಲ್ಲ. ಅವರಾಗಿ ಕೇಳಿದ ಮೇಲೆ ಒಂದು ಪುಟದ ಗ್ರಾಫ್ ಹಾಕಿ.

ಬಿಸಿಲುಕುದುರೆ: ಎರಡು ದಿನ ಕಾದ್ರೆ ಮರೀತಾರೆ. ನಿಮ್ಮ ರೈಲು ಪುರಾಣ ನಾನೊಪ್ಪಲ್ಲ.

ಪಂಪ್ ಪಾಂಡು: ಮೇಲ್ ಯಾರ್ ನೋಡ್ತಾರ್ ಸ್ವಾಮಿ? ನಾನು ಮೇಳದಲ್ಲಿ ಸ್ಟಾಲ್ ಹಾಕಿ 500 ಕಾರ್ಡ್ ಹಂಚಿದೆ. ಅಚ್ಚಿನ ಖರ್ಚು, ಬ್ಯಾನರ್, ಇಬ್ಬರು ಹುಡುಗರ ಊಟ, ಎಲ್ಲ ಕೈಯಿಂದ. ವಾಪಸ್ ಸಿಕ್ಕಿದ್ದು 40 ಕಾರ್ಡ್. ಎಲ್ಲರಿಗೂ ವಾಟ್ಸಾಪಲ್ಲಿ ಒಂದೇ ಮೆಸೇಜ್ ಕಳಿಸಿದೆ, ಆರ್ಡರ್ ಒಂದೂ ಬರ್ಲಿಲ್ಲ. ಕಾರ್ಡೇ ದಂಡ.

ಕಲ್ಲುಬಂಡೆ: ದಂಡ ಆಗಿದ್ದು ಕಾರ್ಡಲ್ಲ, ‘ಎಲ್ಲರಿಗೂ ಒಂದೇ’ ಅನ್ನೋದು. ಯಾರಿಗೆ ಎಷ್ಟು ಅಡಿ ಬೋರ್ ಅಂತ ಆಗಲೇ ಕಾರ್ಡ್ ಹಿಂದೆ ಪೆನ್ಸಿಲಲ್ಲಿ ಗೀಚ್ಕೋಬೇಕಿತ್ತು.

ಪಂಪ್ ಪಾಂಡು: ಸ್ಟಾಲಲ್ಲಿ ಎಂಟು ಗಂಟೆ ನಿಂತು ನೋಡಿ, ಆಮೇಲೆ ಪೆನ್ಸಿಲ್ ಮಾತು.

ಬೋರ್‌ವೆಲ್ ಹುಡುಗಿ: ಜಗಳ ಆಮೇಲೆ ಆಡಿ. ಅವರು ಸರ್ ಅಲ್ಲ, ಮೇಡಂ. ಇನ್ನೊಂದು, ನನ್ನ ಹತ್ರ ಕ್ಯಾಲ್ಸಿಯಂ ಅಂಕಿ ಇರೋದು ಮಳೆಗಾಲದ ಮುಂಚಿನದು ಮಾತ್ರ.

ಕಲ್ಲುಬಂಡೆ: ಹಾಗಿದ್ರೆ ‘ನೋಡಿದೆ’ ಅಂತ ಬರೀಬೇಡಿ, ಎರಡನೇ ಮೇಲಲ್ಲೇ ಸಿಕ್ಕಿಬೀಳ್ತೀರಿ. ಮಳೆ ಮುಂಚಿನ ಅಂಕಿ ಮಾತ್ರ ಇದೆ, ನವೆಂಬರಲ್ಲಿ ಮತ್ತೆ ನೀರು ತೆಗೀತೀನಿ ಅಂತ ಬರೆದು, ಒಂದೇ ಕೇಳಿ: ‘ಕ್ಯಾಲ್ಸಿಯಂ ಜೊತೆ ಸೋಡಿಯಂ ಕೂಡ ಅಳೆಸಬೇಕೇ, ಮೇಡಂ?’ ಹೌದು, ಇಲ್ಲ, ಅಷ್ಟರಲ್ಲಿ ಉತ್ತರ ಬರತ್ತೆ.

ಬಿಸಿಲುಕುದುರೆ: ಇವತ್ತೇ ಕಳಿಸಿ ಅಷ್ಟೇ.