ಒಂದು ಹೊತ್ತಿನ ಅಡುಗೆಗೆ ಗ್ಯಾಸ್ ಅಗ್ಗವೋ, ಕರೆಂಟ್ ಅಗ್ಗವೋ?

ಪ್ರಶ್ನೆ: ಸಿಲಿಂಡರ್ ಗ್ಯಾಸು, ಇಂಡಕ್ಷನ್ ಒಲೆ, ಎಲೆಕ್ಟ್ರಿಕ್ ಕುಕ್ಕರ್ ಮೂರೂ ಇವೆ. ಒಂದು ಹೊತ್ತಿನ ಅಡುಗೆಗೆ ಯಾವುದರಲ್ಲಿ ಎಷ್ಟು ಬೀಳುತ್ತೆ ಅಂತ ಲೆಕ್ಕ ಹಾಕೋದು ಹೇಗೆ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಒಬ್ಬ ಸದಸ್ಯರು: ಇದಕ್ಕೆ ಲೆಕ್ಕ ಯಾಕೆ? ಗ್ಯಾಸಿನ ಶಾಖದಲ್ಲಿ ಅರ್ಧಕ್ಕರ್ಧ ಪಾತ್ರೆಯ ಪಕ್ಕದಿಂದಲೇ ಹೊರಗೆ ಹೋಗುತ್ತೆ. ಇಂಡಕ್ಷನ್‌ನಲ್ಲಿ ಶೇ. 85ರಷ್ಟು ಪಾತ್ರೆಗೇ ಸೇರುತ್ತೆ. ಇಂಡಕ್ಷನ್ನೇ ಯಾವಾಗಲೂ ಅಗ್ಗ.

ಉಪಕರಣ ತಂತ್ರಜ್ಞರು: ನೀವು ಹೇಳಿದ ಶೇಕಡಾವಾರು ಸರಿ, ತೀರ್ಮಾನ ಮಾತ್ರ ಅವಸರದ್ದು. ಗ್ಯಾಸಿನ ಶಾಖಕ್ಕೂ ಕರೆಂಟಿನ ಶಾಖಕ್ಕೂ ಬೆಲೆ ಒಂದೇ ಅಲ್ಲವಲ್ಲ.

ಒಂದು ಕೆ.ಜಿ. ಎಲ್‌ಪಿಜಿ ಉರಿದರೆ ಸುಮಾರು 12.8 ಯೂನಿಟ್ ಕರೆಂಟಿಗೆ ಸಮನಾದ ಶಾಖ ಬರುತ್ತೆ. ಅದರಲ್ಲಿ ಅರ್ಧ ಪಾತ್ರೆಗೆ ಸೇರಿದರೆ 6.4 ಯೂನಿಟ್. ಅಷ್ಟೇ ಶಾಖವನ್ನು ಪಾತ್ರೆಗೆ ಕೊಡಲು ಇಂಡಕ್ಷನ್ ಸುಮಾರು 7.5 ಯೂನಿಟ್ ಎಳೆಯುತ್ತೆ. ಹಾಗಾಗಿ ಸಿಲಿಂಡರ್ ಬೆಲೆಯನ್ನು ಅದರೊಳಗಿನ ಗ್ಯಾಸಿನ ಕೆ.ಜಿ.ಯಿಂದ ಭಾಗಿಸಿ, ಬಂದದ್ದನ್ನು ಒಂದು ಯೂನಿಟ್ ದರದಿಂದ ಮತ್ತೆ ಭಾಗಿಸಿ. ಉತ್ತರ 7.5ಕ್ಕಿಂತ ಹೆಚ್ಚಾದರೆ ಇಂಡಕ್ಷನ್ ಅಗ್ಗ, ಕಡಿಮೆಯಾದರೆ ಗ್ಯಾಸ್ ಅಗ್ಗ. ಬಳಕೆ ಏರಿದಂತೆ ದರವೂ ಏರುವ ಬಿಲ್ಲಾದರೆ ಸರಾಸರಿ ದರ ಹಿಡಿಯಬೇಡಿ. ಅಡುಗೆಯ ಕರೆಂಟು ಈಗಿನ ಬಳಕೆಯ ಮೇಲೆ ಸೇರುವುದರಿಂದ ಕೊನೆಯ ಹಂತದ ದರವೇ ಅದಕ್ಕೆ ಬೀಳೋದು.

ಒಂದು ಉದಾಹರಣೆ ನೋಡಿ. ಎರಡು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಗೆ ತಂದು, ಮುಚ್ಚಳ ಹಾಕಿ 40 ನಿಮಿಷ ಸಣ್ಣಗೆ ಬೇಯಿಸಬೇಕು ಅನ್ನಿ. ಕುದಿ ಬರೋವರೆಗೆ ಗ್ಯಾಸ್ 27 ಗ್ರಾಂ, ಆಮೇಲೆ ಸಣ್ಣ ಉರಿಗೆ ಸುಮಾರು 23 ಗ್ರಾಂ, ಒಟ್ಟು 50 ಗ್ರಾಂ ಆಸುಪಾಸು. ಇಂಡಕ್ಷನ್‌ನಲ್ಲಿ ಕುದಿಗೆ 0.2, ಬೇಯೋಕೆ 0.15, ಒಟ್ಟು 0.35 ಯೂನಿಟ್.

ಮುಚ್ಚಳ ತೆಗೆದು ಕೊತಕೊತ ಕುದಿಸಿದರೆ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗು. ಅರ್ಧ ಲೀಟರ್ ನೀರು ಆವಿಯಾಗಿ ಹೋಗಲು 0.3 ಯೂನಿಟ್‌ಗೂ ಹೆಚ್ಚು ಶಾಖ ಬೇಕು. ಎರಡು ಲೀಟರನ್ನು ಕುದಿಗೆ ತಂದದ್ದಕ್ಕಿಂತ ಅದು ಜಾಸ್ತಿ! ಯಾವ ಒಲೆ ಅನ್ನೋದಕ್ಕಿಂತ ಎಷ್ಟು ಆವಿ ಹೋಯಿತು ಅನ್ನೋದೇ ಎಷ್ಟೋ ಸಲ ದೊಡ್ಡ ಖರ್ಚು.

ಕೇಳಿದವರು: ಹಾಗಾದ್ರೆ ಇಂಡಕ್ಷನ್ ಅನ್ನು 2000 ವಾಟ್‌ಗೆ ಇಡದೆ 800ಕ್ಕೆ ಇಟ್ಟರೆ ಉಳಿತಾಯ ಅಲ್ವಾ ಸರ್?

ಉಪಕರಣ ತಂತ್ರಜ್ಞರು: ಇಲ್ಲ. ವಾಟ್ ಕಡಿಮೆ ಮಾಡಿದರೆ ಸಮಯ ಅಷ್ಟೇ ಎಳೆಯುತ್ತೆ, ಆ ಹೊತ್ತಿಗೆಲ್ಲ ಪಾತ್ರೆಯಿಂದ ಶಾಖ ಸೋರುತ್ತಿರುತ್ತೆ. ಕುದಿ ಬರೋವರೆಗೆ ಜೋರಾಗಿಡಿ, ಬಂದ ಕೂಡಲೇ ಇಳಿಸಿ.

ಕುಕ್ಕರ್ ವಿಷಯ ಬೇರೆ. ಅನ್ನ ಮಾಡಲು ಸಾಮಾನ್ಯ ಎಲೆಕ್ಟ್ರಿಕ್ ಕುಕ್ಕರ್ ಇಂಡಕ್ಷನ್‌ನಷ್ಟೇ ತಗೊಳ್ಳುತ್ತೆ. ಗಂಟೆಗಟ್ಟಲೆ ಬೇಯುವ ಕಾಳಿಗೆ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್ ಚೆನ್ನ. ಆವಿ ಹೊರಗೆ ಬಿಡದ ಕಾರಣ ಒಮ್ಮೆ ಒತ್ತಡ ಬಂದ ಮೇಲೆ ಕಾಯಿಲ್ ಆಗಾಗ ಮಾತ್ರ ಆನ್ ಆಗುತ್ತೆ. ಇವೆರಡರಲ್ಲೂ ದುಡ್ಡು ಸೋರೋದು ಬಿಸಿ ಇಡುವ ಮೋಡ್‌ನಲ್ಲಿ. 35 ವಾಟ್ ಅಂದರೂ ಹತ್ತು ಗಂಟೆಗೆ 0.35 ಯೂನಿಟ್. ಅಡುಗೆಯಷ್ಟೇ ಖರ್ಚು ಅಡುಗೆ ಆದಮೇಲೆ!

ಇನ್ನೊಬ್ಬ ಸದಸ್ಯರು: ನಂದು ಗುಂಡು ತಳದ ಅಲ್ಯೂಮಿನಿಯಂ ಪಾತ್ರೆ, ಇಂಡಕ್ಷನ್ ಬರೀ ಬೀಪ್ ಹೊಡೆಯುತ್ತೆ. ಯಾವ ಕಂಪನಿಯದು ತಗೊಂಡ್ರೆ ಸರಿಹೋಗುತ್ತೆ?

ಉಪಕರಣ ತಂತ್ರಜ್ಞರು: ಕಂಪನಿ ಬದಲಿಸಿದರೆ ಆಗಲ್ಲ ರೀ, ಪಾತ್ರೆ ಬದಲಿಸಬೇಕು. ತಳಕ್ಕೆ ಅಯಸ್ಕಾಂತ ಗಟ್ಟಿಯಾಗಿ ಅಂಟಬೇಕು, ತಳ ಚಪ್ಪಟೆ ಇರಬೇಕು. ಹೊಸ ಪಾತ್ರೆಗಳ ಖರ್ಚನ್ನು ಮಾತ್ರ ಊಟದ ಲೆಕ್ಕಕ್ಕೆ ಸೇರಿಸಬೇಡಿ, ಅದು ಬೇರೆಯೇ ಲೆಕ್ಕ.

ಕೇಟರಿಂಗ್ ನಡೆಸುವವರು: ಶೇ. 50 ಅನ್ನೋದು ಎಲ್ಲ ಕಡೆ ನಿಲ್ಲಲ್ಲ. ಅಗಲ ತಳದ ದೊಡ್ಡ ಪಾತ್ರೆಗೆ ಶೇ. 60 ಸಿಗುತ್ತೆ, ಆಗ ನಿಮ್ಮ 7.5 ಹೋಗಿ 9 ಆಗುತ್ತೆ.

ಉಪಕರಣ ತಂತ್ರಜ್ಞರು: ಒಪ್ಪಿದೆ. ದೊಡ್ಡ ಬರ್ನರ್ ಮೇಲೆ ಪುಟ್ಟ ಪಾತ್ರೆ ಇಟ್ಟು ಜ್ವಾಲೆ ಅಂಚು ದಾಟಿದರೆ ಅದೇ 40ಕ್ಕೂ ಇಳಿಯುತ್ತೆ, ಆಗ 6. ಅನುಪಾತ 6ರಿಂದ 9ರ ನಡುವೆ ಬಂದವರು ತೂಕ ಮಾಡಿಯೇ ನೋಡಬೇಕು. ವಾಲ್ವ್ ಮುಚ್ಚಿ, ರೆಗ್ಯುಲೇಟರ್ ಬಿಚ್ಚಿ ಸಿಲಿಂಡರ್ ತೂಗಿ. ಒಂದು ವಾರ ಬರೀ ಗ್ಯಾಸಿನಲ್ಲಿ ಅಡುಗೆ ಮಾಡಿ ಮತ್ತೆ ತೂಗಿ, ಎಷ್ಟು ಹೊತ್ತಿನ ಅಡುಗೆ ಆಯಿತೋ ಅದರಿಂದ ಭಾಗಿಸಿ. ಒಂದೇ ಊಟಕ್ಕೆ ತೂಗಿದರೆ ಸಾಮಾನ್ಯ ತಕ್ಕಡಿಯ ತಪ್ಪೇ ಅದಕ್ಕಿಂತ ದೊಡ್ಡದಿರುತ್ತೆ. ಮುಂದಿನ ವಾರ ಅದೇ ಅಡುಗೆಯನ್ನು ಇಂಡಕ್ಷನ್‌ನಲ್ಲಿ ಮಾಡಿ, ಪ್ಲಗ್‌ಗೆ ಹಾಕುವ ಯೂನಿಟ್ ಮೀಟರ್ ಓದಿ. ಆ ಮೀಟರ್ ನಿಮ್ಮ ಒಲೆಯ ಪೂರ್ತಿ ವಾಟ್ ತಡೆಯುವಂಥದ್ದೇ ಇರಲಿ, ಇಲ್ಲವಾದರೆ ಅದು ಕರಗಿ ಹೋಗುತ್ತೆ.

ಕೇಟರಿಂಗ್ ನಡೆಸುವವರು: ತೂಗಿ ನೋಡಿ ಸರಿ. ಆದರೆ ಒಗ್ಗರಣೆ, ಹುರಿಯೋದು ಇಂಥವಕ್ಕೆ ನಾಲ್ಕೇ ನಿಮಿಷದ ಉರಿ, ಅಲ್ಲಿ ವ್ಯತ್ಯಾಸ ಮೀಟರ್‌ಗೂ ಕಾಣಲ್ಲ. ಅದನ್ನು ಗ್ಯಾಸಿನಲ್ಲೇ ಬಿಡಿ ಅಂತೀನಿ ನಾನು.

ಮೊದಲ ಸದಸ್ಯರು: ನಾನು ಒಪ್ಪಲ್ಲ, ಮೂರು ಹೊತ್ತೂ ಸೇರಿದರೆ ಅದೂ ಲೆಕ್ಕವೇ.