ಸಹಾಯ ಬೇಕು: ಬಿ12 ಕೊರತೆಯೋ, ಫೋಲೇಟ್ ಕೊರತೆಯೋ?

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ರೋಗಿಯ ವಿವರ ಕೊಟ್ಟು ಯಾವ ಪೋಷಕಾಂಶದ ಕೊರತೆ ಎಂದು ಕೇಳುವ ಪ್ರಶ್ನೆಗಳಲ್ಲಿ ಇರುಳುಗುರುಡು, ಒಸಡಿನ ರಕ್ತಸ್ರಾವ ಬಂದರೆ ಉತ್ತರ ಹೊಳೆಯುತ್ತದೆ. ತಪ್ಪುವುದೆಲ್ಲ ಇಲ್ಲಿಯೇ.

ನಿನ್ನೆಯ ಪ್ರಶ್ನೆ ಹೀಗಿತ್ತು: 60 ವರ್ಷದ ಸಸ್ಯಾಹಾರಿ ಮಹಿಳೆ. ಸುಸ್ತು, ನುಣುಪಾದ ಕೆಂಪು ನಾಲಗೆ, ರಕ್ತಹೀನತೆ. ಕೆಂಪು ರಕ್ತಕಣಗಳು ದೊಡ್ಡದಾಗಿವೆ. ಫೋಲಿಕ್ ಆಮ್ಲದ ಮಾತ್ರೆಯಿಂದ ಹಿಮೋಗ್ಲೋಬಿನ್ ಏರಿತು, ಆದರೆ ಪಾದಗಳ ಜೋಮು ಹೆಚ್ಚಾಗಿ, ಕತ್ತಲಲ್ಲಿ ನಡೆಯುವಾಗ ತೂರಾಡುತ್ತಾರೆ.

ಹಿಮೋಗ್ಲೋಬಿನ್ ಏರಿದ್ದನ್ನು ಕಂಡು ನಾನು ಫೋಲೇಟ್ ಎಂದು ಬರೆದೆ. ಸರಿಯುತ್ತರ ಬಿ12. ರಕ್ತಕಣ ಎರಡು ಕೊರತೆಗಳಲ್ಲೂ ದೊಡ್ಡದಾಗುತ್ತದೆ, ನಾಲಗೆಯೂ ಹಾಗೆಯೇ ಆಗಬಹುದು. ಫೋಲಿಕ್ ಆಮ್ಲ ರಕ್ತವನ್ನು ಸರಿಪಡಿಸಿದರೂ ಬಿ12 ಇಲ್ಲದೆ ನರಗಳ ಹಾನಿ ಮುಂದುವರಿಯುತ್ತದೆ. ಆ ಜೋಮೇ ಸುಳಿವಾಗಿತ್ತು; ನಾನು ಅದನ್ನು ವಯಸ್ಸಿನ ತೊಂದರೆ ಎಂದು ಬಿಟ್ಟುಬಿಟ್ಟೆ. ನಿಜವಾದ ರೋಗಿಯ ವಿಷಯದಲ್ಲಿ ಹೀಗೆ ಮಾಡಿದ್ದರೆ ಎಂದು ನೆನೆದು ರಾತ್ರಿ ನಿದ್ದೆ ಬರಲಿಲ್ಲ.

ನರದ ಲಕ್ಷಣವೇ ಇಲ್ಲದಿದ್ದರೆ ಮೀಥೈಲ್‌ಮೆಲೋನಿಕ್ ಆಮ್ಲ ನೋಡಬೇಕು, ಬಿ12 ಕೊರತೆಯಲ್ಲಿ ಅದು ಏರುತ್ತದೆ, ಫೋಲೇಟ್ ಕೊರತೆಯಲ್ಲಿ ಏರುವುದಿಲ್ಲ ಎಂದು ಓದಿದ್ದೇನೆ. ಹೋಮೋಸಿಸ್ಟೀನ್ ಎರಡರಲ್ಲೂ ಏರುವುದರಿಂದ ಅದು ನೆರವಾಗದು.

ನನ್ನ ಗೊಂದಲ ಇಷ್ಟು. ಹಾಲು, ಮೊಸರಿನಲ್ಲಿ ಬಿ12 ಇದೆ. ಅವನ್ನು ದಿನವೂ ಸೇವಿಸುವ ಸಸ್ಯಾಹಾರಿಗೆ ಕೊರತೆ ಕಂಡರೆ ಆಹಾರವನ್ನು ದೂರಬೇಕೇ, ಹೀರಿಕೆಯ ತೊಂದರೆಯನ್ನು ಹುಡುಕಬೇಕೇ? ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದ್ದಾರೆ ಎಂಬ ಸಾಲಿದ್ದರೆ ಅದಕ್ಕೆ ಎಷ್ಟು ತೂಕ ಕೊಡಬೇಕು? ವಾರ್ಡಿನಲ್ಲಿ ಇಂಥವರನ್ನು ಕಂಡವರು ದಯವಿಟ್ಟು ತಿಳಿಸಿ.